ಬೋರ್ಡ್‌ನ ಟೈಮ್‌ಟೇಬಲ್ ಫೋಟೋದಿಂದ ದಿನದಿನದ ಖಾಲಿ ಪೀರಿಯಡ್ ತೆಗೆಯುವುದು ಹೇಗೆ?

ಬನಶಂಕರಿ_ಥರ್ಡ್‌ಸೆಮ್

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಮೂರನೇ ಸೆಮ್. ನಮ್ಮ ಟೈಮ್‌ಟೇಬಲ್ ನೋಟಿಸ್ ಬೋರ್ಡ್‌ಗೆ ಹಾಕಿದ್ದಾರೆ, ನಮಗೆ ಸಿಕ್ಕಿರುವುದು ಅದರ ಫೋಟೋ ಮಾತ್ರ. ಸೋಮವಾರದಿಂದ ಶನಿವಾರದವರೆಗೆ ಆರು ಸಾಲು, ದಿನಕ್ಕೆ ಏಳು ಪೀರಿಯಡ್. ಶನಿವಾರ ಮಾತ್ರ ನಾಲ್ಕು. ಯಾವ ದಿನ ಯಾವ ಪೀರಿಯಡ್ ಖಾಲಿ ಅಂತ ಒಂದೇ ನೋಟಕ್ಕೆ ಕಾಣುವ ಹಾಗೆ ಒಂದು ಚೌಕಳಿ ಬೇಕು. ಐದನೇ ಸೆಮ್‌ನ ಒಬ್ಬ ಸೀನಿಯರ್ ಜೊತೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಇಬ್ಬರಿಗೂ ಬಿಡುವಿರುವ ಹೊತ್ತು ಹುಡುಕಬೇಕು.

ಮೊಬೈಲ್‌ನ ಎಕ್ಸೆಲ್ ಆ್ಯಪ್‌ನಲ್ಲಿ `Data from Picture` ಅಂತ ಇದೆಯಲ್ಲ, ಅದರಲ್ಲಿ ಫೋಟೋ ಕೊಟ್ಟೆ. ಟೇಬಲ್ ಬಂತು, ಆದರೆ ಲೆಕ್ಕ ಸರಿಯಿಲ್ಲ. ಮಂಗಳವಾರ ಮೂರು ಖಾನೆ ಖಾಲಿ ತೋರಿಸುತ್ತಿದೆ, ನಿಜಕ್ಕೂ ಖಾಲಿ ಇರುವುದು ಎರಡೇ. ಗುರುವಾರ ಒಂದು ತೋರಿಸುತ್ತಿದೆ, ನನಗೆ ಅವತ್ತು ಎರಡು ಪೀರಿಯಡ್ ಬಿಡುವು. ಮಧ್ಯದಲ್ಲಿ ಒಂದು ಕಾಲಂನಲ್ಲಿ B, R, E ಅಂತ ಒಂದೊಂದೇ ಅಕ್ಷರ ಕೂತಿದೆ. ಇದನ್ನು ಸರಿ ಮಾಡುವ ದಾರಿ ಯಾರಿಗಾದರೂ ಗೊತ್ತಾ?

ಶೀಟ್_ಸೀನ

ಸುಲಭ. ಟೇಬಲ್ ಪೂರ್ತಿ ಸೆಲೆಕ್ಟ್ ಮಾಡಿ, ಕಂಪ್ಯೂಟರ್‌ನ ಎಕ್ಸೆಲ್‌ನಲ್ಲಿ `Go To Special` ಒಳಗೆ `Blanks` ಒತ್ತಿ, `FREE` ಅಂತ ಟೈಪ್ ಮಾಡಿ `Ctrl+Enter` ಒತ್ತಿ. ಖಾಲಿ ಇರುವ ಎಲ್ಲಾ ಖಾನೆಯಲ್ಲೂ `FREE` ಬೀಳುತ್ತದೆ. ಎರಡು ನಿಮಿಷದ ಕೆಲಸ.

ಕೆಂಗೇರಿ_ಲೋಕಲ್

ಇದಕ್ಕೆಲ್ಲ ಇಷ್ಟು ಕಷ್ಟ ಯಾಕೆ? ಎಫ್‌ಇಟಿ ಅಂತ ಒಂದು ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಮೇಷ್ಟ್ರುಗಳ ಹೆಸರು, ಸಬ್ಜೆಕ್ಟ್, ರೂಮ್ ಎಲ್ಲಾ ಕೊಟ್ಟರೆ ಟೈಮ್‌ಟೇಬಲ್ ಅದೇ ಮಾಡಿಕೊಡುತ್ತದೆ.

ಬನಶಂಕರಿ_ಥರ್ಡ್‌ಸೆಮ್

@ಕೆಂಗೇರಿ_ಲೋಕಲ್ ಅಣ್ಣ, ಅದು ಹೊಸ ಟೈಮ್‌ಟೇಬಲ್ ಮಾಡುವವರಿಗೆ. ನಮ್ಮದು ಆಗಲೇ ಆಗಿಹೋಗಿದೆ, ನನಗೆ ಅದನ್ನು ಓದಿ ಖಾಲಿ ಹೊತ್ತು ತೆಗೆಯಬೇಕು ಅಷ್ಟೆ.

ವೇಳಾಪಟ್ಟಿ_ಮೇಷ್ಟ್ರು

ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ನಮ್ಮ ವಿಭಾಗದ ಟೈಮ್‌ಟೇಬಲ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಸೀನ ಹೇಳಿದ ಹಾಗೆ ಮಾಡಬೇಡಪ್ಪ, ಆಮೇಲೆ ಲ್ಯಾಬ್ ತಪ್ಪಿಸಿಕೊಳ್ಳುತ್ತೀಯ. ಖಾಲಿ ಕಾಣುವ ಖಾನೆಯೆಲ್ಲ ಬಿಡುವಲ್ಲ. ತುಂಬಿರುವ ಖಾನೆಯೆಲ್ಲ ನಿನ್ನ ಕ್ಲಾಸೂ ಅಲ್ಲ.

ಲ್ಯಾಬ್ ಎರಡು ಪೀರಿಯಡ್ ನಡೆಯುತ್ತದೆ. ಹಾಗಾಗಿ ನಾವು ಎರಡು ಖಾನೆ ಸೇರಿಸಿ ಒಂದು ದೊಡ್ಡ ಖಾನೆ ಮಾಡಿ ಮಧ್ಯದಲ್ಲಿ ಲ್ಯಾಬ್ ಹೆಸರು ಬರೆಯುತ್ತೇವೆ. ಫೋಟೋ ಓದುವ ಆ್ಯಪ್ ಆ ಹೆಸರನ್ನು ಮೊದಲನೇ ಖಾನೆಯಲ್ಲಿ ಹಾಕಿ ಎರಡನೆಯದನ್ನು ಖಾಲಿ ಬಿಡುತ್ತದೆ. ನಿನ್ನ ಮಂಗಳವಾರದ ಮೂರನೇ ಖಾಲಿ ಅದೇ ಇರಬೇಕು. ಗುರುವಾರ ನಿನ್ನ ಬ್ಯಾಚ್‌ಗೆ ಲ್ಯಾಬ್ ಇಲ್ಲ, ಬೇರೆ ಬ್ಯಾಚ್‌ಗೆ ಇದೆ ಅನ್ನಿಸುತ್ತದೆ. ಆ ಎರಡು ಸಾಲನ್ನು ಇದ್ದ ಹಾಗೇ ಇಲ್ಲಿ ಹಾಕು, ನೋಡೋಣ.

ಬನಶಂಕರಿ_ಥರ್ಡ್‌ಸೆಮ್

ಸರ್, ಆ್ಯಪ್ ಕೊಟ್ಟಿದ್ದು ಇದು. ಖಾಲಿ ಇರುವ ಕಡೆ ಅಡ್ಡಗೆರೆ ನಾನೇ ಹಾಕಿದ್ದೇನೆ. ನಾನು ಎರಡನೇ ಬ್ಯಾಚ್.

```
TUE | OS | DS | R | DDCO LAB-I / OS LAB-11 / JAVA LAB-III | _ | U | MATHS | _ | _
THU | DS | MATHS | A | JAVA | OS | C | DDCO | DS LAB-I / DDCO LAB-III | _
```

ಸಹನಾ_ಜಯನಗರ

`LAB-11` ಅಂದರೆ `LAB-II`. ರೋಮನ್ ಎರಡನ್ನು ಹನ್ನೊಂದು ಅಂತ ಓದಿದೆ. ನಮ್ಮ ತಮ್ಮನ ಟೈಮ್‌ಟೇಬಲ್‌ನಲ್ಲೂ ಹೀಗೇ ಆಗಿತ್ತು. ನೀವು `II` ಅಂತ ಹುಡುಕಿದರೆ ಈ ಲ್ಯಾಬ್ ಸಿಗುವುದೇ ಇಲ್ಲ. `III` ಇರುವ ಖಾನೆಗಳು ಬೇರೆ ಸುಮ್ನೆ ಸಿಗುತ್ತವೆ, ಯಾಕೆಂದರೆ `III` ಒಳಗೂ `II` ಇದೆ.

ವೇಳಾಪಟ್ಟಿ_ಮೇಷ್ಟ್ರು

ಸಹನಾ ಹೇಳಿದ್ದು ಸರಿ. ಬ್ಯಾಚ್ ವಿಚಾರ ಫಾರ್ಮುಲಾ ಹಾಕಿ ಹುಡುಕುವುದು ಬೇಡ, ಕಣ್ಣಲ್ಲೇ ನೋಡಿ ಟೈಪ್ ಮಾಡುವುದು ಒಳ್ಳೆಯದು. ವಾರಕ್ಕೆ ಹೆಚ್ಚೆಂದರೆ ಐದಾರು ದೊಡ್ಡ ಖಾನೆ ಇರುತ್ತವೆ.

ಮಂಗಳವಾರ ನೋಡು. ಮೂರನೇ ಪೀರಿಯಡ್‌ನಲ್ಲಿ ನಿನ್ನ ಬ್ಯಾಚ್‌ಗೆ ಓಎಸ್ ಲ್ಯಾಬ್. ಅದು ನಾಲ್ಕನೇ ಪೀರಿಯಡ್‌ಗೂ ಹರಡಿದೆ. ಆದ್ದರಿಂದ ನಾಲ್ಕರಲ್ಲೂ `OS LAB` ಅಂತ ಬರಿ. ಉಳಿದ ಎರಡು ಖಾಲಿ, ಆರು ಮತ್ತು ಏಳು, ನಿಜವಾದ ಬಿಡುವು.

ಗುರುವಾರ ಆರನೇ ಪೀರಿಯಡ್‌ನಲ್ಲಿ ಒಂದನೇ ಮತ್ತು ಮೂರನೇ ಬ್ಯಾಚ್ ಮಾತ್ರ ಇದೆ. ನಿನ್ನ ಪಾಲಿಗೆ ಆರು, ಏಳು ಎರಡೂ ಬಿಡುವು. ಆ್ಯಪ್ ಏಳನೆಯದನ್ನು ಖಾಲಿ ತೋರಿಸಿದ್ದು ಅದು ದೊಡ್ಡ ಖಾನೆಯ ಎರಡನೇ ಅರ್ಧ ಅಂತ, ನಿನಗೆ ಬಿಡುವು ಅಂತಲ್ಲ.

ಎಲ್ಲಾ ಸಾಲು ಹೀಗೆ ನೋಡಿ ಮುಗಿಸಿದ ಮೇಲೆ ಒಂದು ಖಾನೆಯೂ ಖಾಲಿ ಉಳಿಯಬಾರದು. ಕ್ಲಾಸ್ ಇದ್ದರೆ ಅದರ ಹೆಸರು, ಬಿಡುವಿದ್ದರೆ `FREE`, ಕಾಲೇಜೇ ಇಲ್ಲದ ಶನಿವಾರ ಮಧ್ಯಾಹ್ನಕ್ಕೆ `OFF`. ಮತ್ತೆ ಎಲ್ಲಾದರೂ ಖಾಲಿ ಕಂಡರೆ ಅದನ್ನು ಇನ್ನೂ ನೋಡಿಲ್ಲ ಅಂತ ಅರ್ಥ.

ಶೀಟ್_ಸೀನ

ಮೇಷ್ಟ್ರೇ, ಲ್ಯಾಬ್ ವಿಚಾರ ಒಪ್ಪಿದೆ. ಆದರೆ ಮೊದಲು ಎಲ್ಲದಕ್ಕೂ `FREE` ತುಂಬಿ, ಆಮೇಲೆ ಲ್ಯಾಬ್ ಇರುವ ಕಡೆ ತಿದ್ದಿದರೂ ಅಷ್ಟೇ ಅಲ್ವಾ? ಟೈಪ್ ಮಾಡುವುದು ಕಡಿಮೆ ಆಗುತ್ತದೆ.

ವೇಳಾಪಟ್ಟಿ_ಮೇಷ್ಟ್ರು

ಅಷ್ಟೇ ಅಲ್ಲ. ಹಾಗೆ ಮಾಡಿದರೆ ನೋಡಿ ಬರೆದ `FREE` ಯಾವುದು, ನೋಡದೆ ಉಳಿದ `FREE` ಯಾವುದು ಅಂತ ಗೊತ್ತಾಗುವುದಿಲ್ಲ. ಖಾಲಿ ಬಿಟ್ಟರೆ ಬಾಕಿ ಉಳಿದದ್ದು ಕಣ್ಣಿಗೆ ಬೀಳುತ್ತದೆ.

ಶೀಟ್_ಸೀನ

ಹ್ಮ್, ಅದು ನ್ಯಾಯ. ಹಾಗಾದರೆ ಖಾಲಿ ಉಳಿದಿದೆಯಾ ಅಂತ ನೋಡಲು ಇದು. ಮೊದಲ ಕಾಲಂ ದಿನ, ಮೊದಲ ಸಾಲು ಪೀರಿಯಡ್ ಹೆಸರು, ಬ್ರೇಕ್ ಕಾಲಂಗಳನ್ನು ತೆಗೆದಿದ್ದೀರಿ ಅಂತ ಇಟ್ಟುಕೊಂಡಿದ್ದೇನೆ:

```
=COUNTBLANK(B2:H7)
```

ಸೊನ್ನೆ ಬರಬೇಕು. ಫೋಟೋದಿಂದ ಬಂದ ಖಾನೆಯಲ್ಲಿ ಕೆಲವು ಸಲ ಬರೀ ಸ್ಪೇಸ್ ಇರುತ್ತದೆ. ಅದು ಕಣ್ಣಿಗೆ ಖಾಲಿ, ಫಾರ್ಮುಲಾಗೆ ಖಾಲಿ ಅಲ್ಲ. ಅಂಥದ್ದನ್ನು ಒಮ್ಮೆ ಡಿಲೀಟ್ ಒತ್ತಿ ತೆಗೆಯಿರಿ.

ಪ್ರಿಂಟೌಟ್_ಪ್ರಿಯ

ಬ್ರೇಕ್ ಕಾಲಂ ತೆಗೆಯುವ ಮುಂಚೆ ಒಂದು ನಿಮಿಷ ನಿಲ್ಲಿ. ಅದು ಉಪಯೋಗಕ್ಕೆ ಬರುತ್ತದೆ.

ಬೋರ್ಡ್‌ನ ಪ್ರಿಂಟ್‌ನಲ್ಲಿ ಬ್ರೇಕ್ ಮತ್ತು ಲಂಚ್ ಪದಗಳನ್ನು ಮೇಲಿಂದ ಕೆಳಕ್ಕೆ ಒಂದೊಂದು ಅಕ್ಷರ ಬರೆದಿರುತ್ತಾರೆ. ಅದಕ್ಕೇ ಸೋಮವಾರಕ್ಕೆ B, ಮಂಗಳವಾರಕ್ಕೆ R ಹೀಗೆ ಬಂದಿದೆ. ಓರೆಯಾಗಿ ತೆಗೆದ ಫೋಟೋದಲ್ಲಿ ಗೆರೆ ಮಸುಕಾಗಿದ್ದರೆ ಆ್ಯಪ್ ಒಂದು ಖಾಲಿ ಖಾನೆಯನ್ನು ನುಂಗಿ, ಆ ಸಾಲಿನ ಉಳಿದದ್ದನ್ನೆಲ್ಲ ಎಡಕ್ಕೆ ಒಂದು ಮನೆ ಸರಿಸುತ್ತದೆ. ಆಗ ನಾಲ್ಕನೇ ಪೀರಿಯಡ್‌ನ ಕ್ಲಾಸ್ ಮೂರನೆಯದಾಗಿ ಕೂರುತ್ತದೆ. ಓದಿದರೆ ಸರಿಯಾಗಿಯೇ ಕಾಣುತ್ತದೆ, ಗೊತ್ತೇ ಆಗುವುದಿಲ್ಲ.

ಆದರೆ ಆ ಸಾಲಿನ ಲಂಚ್ ಅಕ್ಷರವೂ ಜೊತೆಗೇ ಸರಿದಿರುತ್ತದೆ. BREAK ಅಕ್ಷರಗಳು ಐದೂ ಒಂದೇ ಕಾಲಂನಲ್ಲಿ, LUNCH ಅಕ್ಷರಗಳು ಐದೂ ಒಂದೇ ಕಾಲಂನಲ್ಲಿ ನೆಟ್ಟಗೆ ನಿಂತಿವೆಯಾ ನೋಡಿ. ಯಾವ ಅಕ್ಷರ ಪಕ್ಕಕ್ಕೆ ಹೋಗಿದೆಯೋ ಆ ದಿನದ ಸಾಲು ಸರಿದಿದೆ. ಲಂಚ್ ಆದಮೇಲೆ ಸರಿದಿದ್ದರೆ ಮಾತ್ರ ಇದರಿಂದ ಸಿಗುವುದಿಲ್ಲ, ಅದಕ್ಕೆ ಕೊನೆಯ ಪೀರಿಯಡ್ ಫೋಟೋ ಜೊತೆ ಹೋಲಿಸಬೇಕು. ಎಲ್ಲಾ ನೋಡಿ ಆದಮೇಲೆ ಎರಡೂ ಕಾಲಂ ತೆಗೆಯಿರಿ.

ಬನಶಂಕರಿ_ಥರ್ಡ್‌ಸೆಮ್

ಅಕ್ಕ, ನೀವು ಹೇಳಿದ್ದು ಈಗಲೇ ನೋಡಿದೆ. ಬುಧವಾರದ N ಒಂದು ಮನೆ ಎಡಕ್ಕೆ ಇದೆ! E ಮಾತ್ರ ಜಾಗದಲ್ಲೇ ಇದೆ.

ಪ್ರಿಂಟೌಟ್_ಪ್ರಿಯ

ಹಾಗಾದರೆ ಬ್ರೇಕ್ ಮತ್ತು ಲಂಚ್ ಮಧ್ಯೆ ಒಂದು ಖಾಲಿ ಖಾನೆ ನುಂಗಿದೆ. ಬುಧವಾರ ಮೂರನೆಯದೋ ನಾಲ್ಕನೆಯದೋ ಬಿಡುವಿರಬೇಕು, ಫೋಟೋ ನೋಡಿ.

ಬನಶಂಕರಿ_ಥರ್ಡ್‌ಸೆಮ್

ಹೌದು, ಮೂರನೆಯದು ಖಾಲಿ. ಸರಿಸಿದೆ.

ಗಾಜಿನ_ಬೋರ್ಡ್

ಫೋಟೋನೇ ಇನ್ನೊಂದು ತೆಗೆದರೆ ಅರ್ಧ ತಲೆನೋವು ಹೋಗುತ್ತದೆ. ಬೋರ್ಡ್‌ಗೆ ಗಾಜು ಇದ್ದರೆ ಫ್ಲ್ಯಾಶ್ ಹಾಕಲೇಬೇಡಿ, ಬಿಳಿ ಚುಕ್ಕೆ ಬಿದ್ದ ಕಡೆ ಖಾನೆಯೇ ಇಲ್ಲದ ಹಾಗೆ ಆಗುತ್ತದೆ. ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ಸ್ಕ್ಯಾನ್ ಇದೆ, ನಾಲ್ಕು ಮೂಲೆ ಹಿಡಿದು ನೇರ ಮಾಡಿಕೊಡುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಆಗಿ ಕಳಿಸಿದರೆ ಕುಗ್ಗಿಸಿ ಗೆರೆಯೆಲ್ಲ ಮಸುಕಾಗುತ್ತದೆ.

ಕೆಂಗೇರಿ_ಲೋಕಲ್

ಗೂಗಲ್ ಡಾಕ್ಸ್‌ನಲ್ಲಿ ಓಪನ್ ಮಾಡಿದರೂ ಅಕ್ಷರ ಬರುತ್ತದೆ.

ಗಾಜಿನ_ಬೋರ್ಡ್

ಅಕ್ಷರ ಬರುತ್ತದೆ, ಟೇಬಲ್ ಬರುವುದಿಲ್ಲ. ಎಲ್ಲಾ ಒಂದರ ಕೆಳಗೊಂದು ಸಾಲಾಗಿ ಬೀಳುತ್ತದೆ, ಖಾಲಿ ಖಾನೆ ಎಲ್ಲಿತ್ತು ಅನ್ನುವುದೇ ಹೋಗುತ್ತದೆ. ಇಲ್ಲಿ ಬೇಕಿರುವುದೇ ಖಾಲಿ ಖಾನೆ.

ಅಮ್ಮ_ರಾಜಾಜಿನಗರ

ನನ್ನ ಮಗಳು ಏಳನೇ ಕ್ಲಾಸ್. ಸ್ಕೂಲ್ ಡೈರಿಯಲ್ಲಿ ಟೈಮ್‌ಟೇಬಲ್ ಕೈಯಲ್ಲಿ ಬರೆದಿದ್ದಾಳೆ. ಅದಕ್ಕೂ ಇದು ಆಗುತ್ತದಾ? ಅವಳಿಗೆ ಖಾಲಿ ಪೀರಿಯಡ್ ಇಲ್ಲ, ಯಾವ ದಿನ ಯಾವ ಪುಸ್ತಕ ಬ್ಯಾಗ್‌ಗೆ ಹಾಕಬೇಕು ಅಂತ ಬೇಕಿತ್ತು.

ಸಹನಾ_ಜಯನಗರ

ಅಮ್ಮ, ಕೈಬರಹ ಇದ್ದರೆ ನೀವೇ ಟೈಪ್ ಮಾಡುವುದು ಬೇಗ ಆಗುತ್ತದೆ. ಟೇಬಲ್ ಸರಿಯಾಗಿದ್ದರೆ ದಿನಕ್ಕೆ ಯಾವ ಸಬ್ಜೆಕ್ಟ್ ಅಂತ ಪಟ್ಟಿ ತೆಗೆಯಲು ಗೂಗಲ್ ಶೀಟ್‌ನಲ್ಲಿ ಹೀಗೆ ಹಾಕಿ, ಒಂದೇ ಸಬ್ಜೆಕ್ಟ್ ಎರಡು ಸಲ ಇದ್ದರೂ ಒಂದೇ ಸಲ ಬರುತ್ತದೆ:

```
=TEXTJOIN(", ",TRUE,UNIQUE(TRANSPOSE(B2:H2)))
```

ಅಮ್ಮ_ರಾಜಾಜಿನಗರ

ತುಂಬಾ ಥ್ಯಾಂಕ್ಸ್ ಕಣಮ್ಮ. ಇವತ್ತೇ ಮಾಡುತ್ತೇನೆ.

ಶೀಟ್_ಸೀನ

ಥರ್ಡ್‌ಸೆಮ್, ನಿಮಗೆ ಬೇಕಿರುವುದಕ್ಕೆ ಇದು. ಪ್ರತಿ ದಿನದ ಸಾಲಿನ ಕೊನೆಯಲ್ಲಿ ಹಾಕಿ ಕೆಳಗೆ ಎಳೆಯಿರಿ, ಆ ದಿನದ ಖಾಲಿ ಪೀರಿಯಡ್‌ಗಳ ಹೆಸರು ಬರುತ್ತದೆ. ಯಾವುದೂ ಇಲ್ಲದಿದ್ದರೆ `ಇಲ್ಲ` ಅಂತ ಬರುತ್ತದೆ:

```
=IFERROR(TEXTJOIN(", ",TRUE,FILTER($B$1:$H$1,B2:H2="FREE")),"ಇಲ್ಲ")
```

ಚೌಕಳಿಯಲ್ಲೇ ಕಾಣಬೇಕು ಅಂದರೆ ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ `FREE` ಇದ್ದ ಖಾನೆಗೆ ಹಸಿರು ಬಣ್ಣ ಕೊಡಿ. ಸೀನಿಯರ್ ಜೊತೆ ಹೊಂದಿಸಲು ಅವರದ್ದೂ ಇದೇ ತರಹ ಇನ್ನೊಂದು ಶೀಟ್ ಮಾಡಿ, ಎರಡರಲ್ಲೂ ಅದೇ ಖಾನೆ `FREE` ಇದ್ದರೆ `FREE` ಅಂತ ಮೂರನೇ ಶೀಟ್‌ನಲ್ಲಿ `AND` ಹಾಕಿದರೆ ಮುಗಿಯಿತು.

ವೇಳಾಪಟ್ಟಿ_ಮೇಷ್ಟ್ರು

ಸೀನ, ಪಟ್ಟಿ ತೆಗೆಯುವ ಫಾರ್ಮುಲಾ ಚೆನ್ನಾಗಿದೆ. `AND` ಮಾತ್ರ ಎರಡೂ ಸೆಮ್‌ಗೆ ಗಂಟೆ ಒಂದೇ ಹೊತ್ತಿಗೆ ಹೊಡೆಯುತ್ತಿದ್ದರೆ ಸರಿ. ಕ್ಯಾಂಟೀನ್ ಸಣ್ಣದಿರುವ ಕಾಲೇಜುಗಳಲ್ಲಿ ಲಂಚ್ ಹೊತ್ತು ಸೆಮ್‌ಗೆ ತಕ್ಕ ಹಾಗೆ ಬೇರೆ ಬೇರೆ ಇಡುತ್ತೇವೆ. ಸೀನಿಯರ್ ಟೈಮ್‌ಟೇಬಲ್ ತಲೆಬರಹದಲ್ಲಿ ಟೈಮ್ ಏನಿದೆ ನೋಡು.

ಬನಶಂಕರಿ_ಥರ್ಡ್‌ಸೆಮ್

ಸರ್, ಬೇರೆನೇ ಇದೆ. ನಮಗೆ ನಾಲ್ಕನೇ ಪೀರಿಯಡ್ 12:05ರಿಂದ 1:00, ಆಮೇಲೆ 1:45ರವರೆಗೆ ಲಂಚ್. ಅವರಿಗೆ 12:05ಕ್ಕೇ ಲಂಚ್, ನಾಲ್ಕನೇ ಪೀರಿಯಡ್ 12:50ರಿಂದ 1:45. ಐದರಿಂದ ಮತ್ತೆ ಇಬ್ಬರಿಗೂ ಒಂದೇ ಹೊತ್ತು. ಶುಕ್ರವಾರ ನಾಲ್ಕನೇ ಪೀರಿಯಡ್ ಇಬ್ಬರಿಗೂ ಖಾಲಿ ಅಂತ ಖುಷಿಪಟ್ಟಿದ್ದೆ.

ವೇಳಾಪಟ್ಟಿ_ಮೇಷ್ಟ್ರು

ಇಬ್ಬರೂ ಒಟ್ಟಿಗೆ ಇರುವುದು 12:50ರಿಂದ 1:00ರವರೆಗೆ, ಹತ್ತೇ ನಿಮಿಷ. `AND` ಅದನ್ನು ಪೂರ್ತಿ ಪೀರಿಯಡ್ ಅಂತ ತೋರಿಸುತ್ತದೆ.

ಪೀರಿಯಡ್ ನಂಬರ್ ಬಿಟ್ಟು ಗಡಿಯಾರದ ಹೊತ್ತು ಇಟ್ಟುಕೊ. ಒಂದು ಸಾಲಿನಲ್ಲಿ ನಿನ್ನ ಬಿಡುವು ಶುರು, ಮುಗಿಯುವುದು, ಅವರ ಬಿಡುವು ಶುರು, ಮುಗಿಯುವುದು ಅಂತ ನಾಲ್ಕು ಕಾಲಂ. ಐದನೆಯದರಲ್ಲಿ:

```
=MAX(0,MIN(B2,D2)-MAX(A2,C2))*1440
```

ಇಬ್ಬರಲ್ಲಿ ತಡವಾಗಿ ಶುರುವಾಗುವವರಿಂದ ಬೇಗ ಮುಗಿಯುವವರವರೆಗೆ ಎಷ್ಟು ನಿಮಿಷ ಅಂತ ಕೊಡುತ್ತದೆ. ಶೀಟ್ ಹೊತ್ತನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೇ 1440ರಿಂದ ಗುಣಿಸಿದ್ದು. ಆ ಕಾಲಂ ನಂಬರ್ ಆಗಿ ಕಾಣುವ ಹಾಗೆ ಇಡು.

ಬನಶಂಕರಿ_ಥರ್ಡ್‌ಸೆಮ್

ಶುಕ್ರವಾರಕ್ಕೆ ಹಾಕಿದೆ ಸರ್. ಹತ್ತು ಬರಲಿಲ್ಲ, ಸೊನ್ನೆ ಬಂತು.

ಸಹನಾ_ಜಯನಗರ

1:00 ಅಂತ ಹಾಕಿದ್ದೀರಾ? ಶೀಟ್‌ಗೆ ಅದು ರಾತ್ರಿ ಒಂದು ಗಂಟೆ. 13:00, 13:45 ಅಂತ ಹಾಕಿ. ಬೋರ್ಡ್‌ನಲ್ಲಿ ಎಎಮ್ ಪಿಎಮ್ ಬರೆಯುವುದಿಲ್ಲ, ಮಧ್ಯಾಹ್ನ ಒಂದು ಗಂಟೆಯಿಂದ ಮುಂದಿನ ಎಲ್ಲಾ ಹೊತ್ತಿಗೂ 12 ಸೇರಿಸಬೇಕು. 12:05, 12:50 ಇದ್ದ ಹಾಗೇ ಇರಲಿ.

ಬನಶಂಕರಿ_ಥರ್ಡ್‌ಸೆಮ್

ಬಂತು, 10! ಮಂಗಳವಾರಕ್ಕೂ ನೋಡಿದೆ. ನನಗೆ 14:40ರಿಂದ 16:30 ಖಾಲಿ, ಅವರಿಗೆ 13:45ರಿಂದ 15:35. 55 ನಿಮಿಷ ಸಿಗುತ್ತದೆ.

ಬಸ್_ಪಾಸ್

4:30ಕ್ಕೆ ಬಿಟ್ಟರೆ ಬನಶಂಕರಿ ಬಸ್ ಸ್ಟ್ಯಾಂಡ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆರು, ಏಳು ಖಾಲಿ ಇರುವ ದಿನ 2:40ಕ್ಕೇ ಹೊರಡಿ, ಮೀಟಿಂಗ್ ಫೋನ್‌ನಲ್ಲಿ ಮಾಡಿಕೊಳ್ಳಿ.

ಕೆಂಗೇರಿ_ಲೋಕಲ್

ಮೆಟ್ರೋ ಇದೆಯಲ್ಲ ಗುರು, ಬಸ್ ಯಾಕೆ?

ಬಸ್_ಪಾಸ್

ಸ್ಟೂಡೆಂಟ್ ಪಾಸ್ ಬಸ್ಸಿಗೆ ತಾನೇ ಇರುವುದು.

ಪ್ರಿಂಟೌಟ್_ಪ್ರಿಯ

ವಿಷಯಕ್ಕೆ ಬರೋಣ. ಒಟ್ಟು ತಾಳೆ ಹಾಕದೆ ಯಾವ ಚೌಕಳಿಯನ್ನೂ ನಂಬಬೇಡಿ. ಟೈಮ್‌ಟೇಬಲ್ ಕೆಳಗೆ ಸಬ್ಜೆಕ್ಟ್, ಮೇಷ್ಟ್ರ ಹೆಸರು, ವಾರಕ್ಕೆ ಎಷ್ಟು ಗಂಟೆ ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ಆ ಗಂಟೆಗಳನ್ನು ಕೂಡಿಸಿ. ವಿಟಿಯು ಸ್ಕೀಮ್ ಆದರೆ ಸಿಲಬಸ್‌ನಲ್ಲಿ `L:T:P:S` ಅಂತಲೂ ಇದೆ. 2022ರ ಸ್ಕೀಮ್‌ನಲ್ಲಿ ಓಎಸ್‌ಗೆ `3:0:2:0`. ಅಂದರೆ ನಿಮ್ಮ ಚೌಕಳಿಯಲ್ಲಿ ಓಎಸ್ ಮೂರು ಸಲ, ಓಎಸ್ ಲ್ಯಾಬ್ ಎರಡು ಖಾನೆ ಇರಬೇಕು. ಲ್ಯಾಬ್ ಒಂದೇ ಖಾನೆ ಬಂದರೆ ಎರಡನೇ ಅರ್ಧ ಬಿಟ್ಟುಹೋಗಿದೆ.

ಬನಶಂಕರಿ_ಥರ್ಡ್‌ಸೆಮ್

ತಾಳೆ ಹಾಕಿದೆ ಅಕ್ಕ. ಐದು ದಿನಕ್ಕೆ 35, ಶನಿವಾರ 4, ಒಟ್ಟು 39 ಪೀರಿಯಡ್. ಕೆಳಗಿನ ಪಟ್ಟಿಯಲ್ಲಿ ನನ್ನ ಬ್ಯಾಚ್‌ಗೆ 30. ಹಾಗಾಗಿ 9 ಖಾಲಿ ಇರಬೇಕು.

ಬ್ರೇಕ್, ಲಂಚ್ ಕಾಲಂ ತೆಗೆದು ಬುಧವಾರ ಸರಿ ಮಾಡಿದ ಮೇಲೆ ಆ್ಯಪ್‌ನ ಟೇಬಲ್‌ನಲ್ಲಿ ಖಾಲಿ ಖಾನೆ 16 ಇದ್ದವು. ಅದರಲ್ಲಿ 3 ಶನಿವಾರ ಮಧ್ಯಾಹ್ನದ್ದು. 6 ದೊಡ್ಡ ಖಾನೆಗಳ ಎರಡನೇ ಅರ್ಧ. ಉಳಿದದ್ದು 7. ಅದಕ್ಕೆ ಗುರುವಾರದ ಎರಡು ಸೇರಿಸಿದರೆ 9. ಸರಿಹೋಯಿತು!

```
MON  P7
TUE  P6, P7
WED  P3, P7
THU  P6, P7
FRI  P4
SAT  P4
```

ಶೀಟ್_ಸೀನ

ಸೂಪರ್. 30ರಲ್ಲಿ ಲೈಬ್ರರಿ ಪೀರಿಯಡ್ ಇದೆಯಾ? ಅದನ್ನೂ `FREE` ಮಾಡಿ, ಹತ್ತು ಆಗುತ್ತದೆ. ಲೈಬ್ರರಿಯಲ್ಲಿ ಯಾರೂ ಕೇಳುವುದಿಲ್ಲ.

ವೇಳಾಪಟ್ಟಿ_ಮೇಷ್ಟ್ರು

ನಮ್ಮಲ್ಲಿ ಲೈಬ್ರರಿ ಪೀರಿಯಡ್‌ಗೂ ಅಟೆಂಡೆನ್ಸ್ ಇದೆ. ಟೈಮ್‌ಟೇಬಲ್‌ನಲ್ಲಿ ಹೆಸರು ಇದೆ ಅಂದಮೇಲೆ ಅದು ಕ್ಲಾಸೇ.

ಬಸ್_ಪಾಸ್

ನಮ್ಮಲ್ಲಿ ಇಲ್ಲ. ಮೆಂಟರಿಂಗ್ ಪೀರಿಯಡ್ ಕೂಡ ತಿಂಗಳಿಗೊಮ್ಮೆ ನಡೆದರೆ ಹೆಚ್ಚು.

ಶೀಟ್_ಸೀನ

ಅದೇ ನಾನೂ ಹೇಳಿದ್ದು. ಕಾಗದದಲ್ಲಿ ಇರುವುದು ಒಂದು, ನಡೆಯುವುದು ಇನ್ನೊಂದು. ಪ್ರಾಜೆಕ್ಟ್ ಮೀಟಿಂಗ್‌ಗೆ ನಡೆಯುವುದು ಮುಖ್ಯ ಅಲ್ವಾ?

ವೇಳಾಪಟ್ಟಿ_ಮೇಷ್ಟ್ರು

ನಾನು ಒಪ್ಪುವುದಿಲ್ಲ ಸೀನ. ಅಟೆಂಡೆನ್ಸ್ ಕಮ್ಮಿಯಾದರೆ ಪರೀಕ್ಷೆಗೆ ಕೂರುವ ಹುಡುಗನಿಗೇ ಕಷ್ಟ.

ಸಹನಾ_ಜಯನಗರ

`LIB?` ಅಂತ ಬರೆದು ಹಳದಿ ಬಣ್ಣ ಕೊಡಿ. ಫಾರ್ಮುಲಾ ಅದನ್ನು ಖಾಲಿ ಅಂತ ಎಣಿಸುವುದಿಲ್ಲ, ನಿಮ್ಮ ಕಣ್ಣಿಗೆ ಮಾತ್ರ ಕಾಣುತ್ತದೆ.

ವೇಳಾಪಟ್ಟಿ_ಮೇಷ್ಟ್ರು

ಇನ್ನೊಂದು ಮಾತು. ಫೋಟೋದ ಮೇಲ್ಗಡೆ `w.e.f.` ಅಂತ ಒಂದು ತಾರೀಕು ಇರುತ್ತದೆ, ಅಂದಿನಿಂದ ಜಾರಿ ಅಂತ. ಸೆಮ್ ಶುರುವಾದ ಮೊದಲ ವಾರಗಳಲ್ಲಿ ನಾವು ಬದಲಾಯಿಸುತ್ತಲೇ ಇರುತ್ತೇವೆ. ಗ್ರೂಪ್‌ನಲ್ಲಿ ಹಳೆಯದು ಓಡಾಡುತ್ತಿರುತ್ತದೆ. ಆ ತಾರೀಕು ನಿನ್ನ ಶೀಟ್‌ನ ಹೆಸರಿನಲ್ಲೇ ಹಾಕಿಡು. ಮತ್ತೆ ನಿಮ್ಮ ಕ್ಲಾಸ್ ಟೀಚರ್ ಹತ್ತಿರ ಒಂದು ಮಾತು ಕೇಳು, ಈ ಟೈಮ್‌ಟೇಬಲ್ ಮೊದಲು ಎಕ್ಸೆಲ್‌ನಲ್ಲೋ ವರ್ಡ್‌ನಲ್ಲೋ ಮಾಡಿ ಪ್ರಿಂಟ್ ತೆಗೆದದ್ದೇ. ಆ ಫೈಲ್ ಸಿಕ್ಕರೆ ಸೇರಿಸಿದ ಖಾನೆಗಳೂ ಹಾಗೇ ಸಿಗುತ್ತವೆ, ಅಕ್ಷರ ತಪ್ಪೂ ಇರುವುದಿಲ್ಲ. ಬ್ಯಾಚ್ ಮಾತ್ರ ಆಗಲೂ ನೀನೇ ನೋಡಬೇಕು.

ಬನಶಂಕರಿ_ಥರ್ಡ್‌ಸೆಮ್

ಕೇಳುತ್ತೇನೆ ಸರ್. ಸೀನಿಯರ್ ಫೋಟೋದಲ್ಲಿ ತಾರೀಕಿನ ಭಾಗ ಕತ್ತರಿಸಿಹೋಗಿದೆ, ಪೂರ್ತಿ ಫೋಟೋ ಕಳಿಸಲು ಹೇಳಿದ್ದೇನೆ. ಬಂದಮೇಲೆ ಅವರದ್ದನ್ನೂ ಹೀಗೇ ಸಾಲುಸಾಲಾಗಿ ನೋಡುತ್ತೇನೆ.

ಕೆಂಗೇರಿ_ಲೋಕಲ್

ಮೇಷ್ಟ್ರೇ, ಒಂದು ಪ್ರಶ್ನೆ. ನಮ್ಮ ಸ್ಕೂಲ್‌ನಲ್ಲಿ ಒಬ್ಬ ಟೀಚರ್ ರಜೆ ಹಾಕಿದರೆ ಅವರ ಕ್ಲಾಸ್‌ಗೆ ಯಾರು ಖಾಲಿ ಇದ್ದಾರೆ ಅಂತ ನೋಡಬೇಕಾಗುತ್ತದೆ. ಹತ್ತು ಕ್ಲಾಸ್‌ನ ಹತ್ತು ಫೋಟೋ ಇದೆ. ಅದಕ್ಕೂ ಇದೇ ದಾರಿನಾ?

ವೇಳಾಪಟ್ಟಿ_ಮೇಷ್ಟ್ರು

ಅಲ್ಲಿ ಚೌಕಳಿ ಕ್ಲಾಸ್‌ಗೆ ಒಂದಲ್ಲ, ಟೀಚರ್‌ಗೆ ಒಂದು ಬೇಕು. ಹತ್ತೂ ಕ್ಲಾಸ್ ತುಂಬುವವರೆಗೆ ಯಾರೂ ಖಾಲಿ ಅಂತ ಹೇಳಲು ಬರುವುದಿಲ್ಲ, ಒಂದು ಫೋಟೋ ಬಿಟ್ಟರೂ ಆ ಕ್ಲಾಸ್‌ನಲ್ಲಿ ಪಾಠ ಮಾಡುತ್ತಿರುವವರು ಬಿಡುವಾಗಿದ್ದಾರೆ ಅಂತ ಕಾಣುತ್ತದೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.